ಮಾಮಾನ ಮಾತಿಗೆ ಎರಡು ಸಾಲು

ನಮ್ಮ ಮಾಮಾ ಇಳಕಲ್‌ನಲ್ಲಿ ಸೀರೆ ನೇಯುತ್ತಾರೆ. ಮನೆಯ ಪಡಸಾಲೆಯಲ್ಲೇ ಕುಣಿ ಮಗ್ಗ. ಕಳೆದ ದೀಪಾವಳಿಗೆ ಹೋದಾಗ ಅವರು ಸೆರಗಿನ ಹಾಸು, ಅಂದರೆ ಉದ್ದೆಳೆ, ಕೂಡಿಸುತ್ತಿದ್ದರು. ಸುಮ್ನೆ ಫೋನ್ ನಿಲ್ಲಿಸಿ ವಿಡಿಯೊ ಮಾಡಿಕೊಂಡೆ. ಕೈ ಕೆಲಸ ಮಾಡುತ್ತಲೇ ಅವರು ಮಾತಾಡುತ್ತಾ ಹೋದರು. ಬಾಗಲಕೋಟೆಗೆ ವಾಪಸ್ ಬಂದು ಕತ್ತರಿಸಿ ನೋಡಿದರೆ ಒಂದು ನಿಮಿಷ ಮೂವತ್ತೆಂಟು ಸೆಕೆಂಡಿನ ಒಳ್ಳೆ ವಿಡಿಯೊ ಆಗಿತ್ತು. ಹಿಂದೆ ಪಕ್ಕದ ಮನೆಯ ಪವರ್‌ಲೂಮಿನ ಸದ್ದು. ಮಾಮಾನ ಮಾತು ಅರ್ಧ ಅದರಲ್ಲೇ ಮುಳುಗಿಹೋಗಿತ್ತು. ಅದಕ್ಕೇ ಸಬ್‌ಟೈಟಲ್ ಹಾಕೋಣ ಅಂದುಕೊಂಡೆ. ಒಂದು ಸಂಜೆಯ ಕೆಲಸ ಅಂತ ಲೆಕ್ಕ ಹಾಕಿದ್ದೆ. ಒಂಬತ್ತು ದಿನ ಹಿಡಿಯಿತು.

ಇನ್ನೊಂದು ಕಾರಣವೂ ಇತ್ತು. ನಮ್ಮ ಅತ್ತಿಗೆ, ಅಂದರೆ ಮಾಮಾನ ಹೆಂಡತಿಗೆ, ಸುಮಾರು ವರ್ಷದಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಏಳನೇ ಇಯತ್ತೆವರೆಗೆ ಓದಿದ್ದಾರೆ. ಪೇಪರ್ ಓದುತ್ತಾರೆ, ಆದರೆ ನಿಧಾನ, ಒಂದೊಂದು ಪದಕ್ಕೂ ತುಟಿ ಅಲ್ಲಾಡಿಸುತ್ತಾ. ಗಂಡ ಏನು ಹೇಳಿದ್ದಾರೆ ಅಂತ ಅವರಿಗೆ ಈ ವಿಡಿಯೊದಲ್ಲಿ ತಿಳಿಯಬೇಕಾದರೆ ಅಕ್ಷರವೇ ಗತಿ. ಹೀಗಾಗಿ ನನ್ನ ಸಬ್‌ಟೈಟಲಿಗೆ ಮೊದಲ ಪರೀಕ್ಷಕರು ಅವರೇ ಆದರು. ಬಿಟ್ಟುಕೊಡುವ ಪರೀಕ್ಷಕರಲ್ಲ.

ಮೊದಲ ಸಲ ನಾನು ಮಾಡಿದ್ದು ಸೋಮಾರಿ ದಾರಿ. ಇನ್ನೊಂದು ಫೋನಿನಲ್ಲಿ ವಿಡಿಯೊ ಹಚ್ಚಿ, ನನ್ನ ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಎದುರಿಗೆ ಹಿಡಿದೆ. ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುತ್ತದೆ ಅಲ್ವಾ, ಆಗಲಿ ಅಂತ. ಬೆಂಗಳೂರಿನ ಸುದ್ದಿ ಓದುವವರ ಕನ್ನಡ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಮಾಮಾನ ಕನ್ನಡ ತಿಳಿಯಲಿಲ್ಲ. ಸೆರಗಿನ ಚಿತ್ತಾರಕ್ಕೆ ‘ತೋಪ ತೆನಿ’ ಅಂದಿದ್ದನ್ನು ‘ಟೋಪಿ ತನ್ನಿ’ ಅಂತ ಬರೆಯಿತು. ‘ಒಡಲಿನ ಹಾಸು’ ಅಂದಿದ್ದು ‘ಹೊಡೆದ ಹಾಸಿಗೆ’ ಆಯಿತು. ಪವರ್‌ಲೂಮಿನ ಸದ್ದು ಜೋರಾದ ಕಡೆಯೆಲ್ಲ ಬರೆಯುವುದನ್ನೇ ನಿಲ್ಲಿಸಿಬಿಟ್ಟಿತು. ಆಮೇಲೆ ಉಪಾಯ ಬದಲಿಸಿದೆ. ಐದೈದು ಸೆಕೆಂಡು ಕೇಳಿ, ವಿಡಿಯೊ ನಿಲ್ಲಿಸಿ, ಅದೇ ಮಾತನ್ನು ನಾನೇ ನಿಧಾನವಾಗಿ ಮೈಕಿಗೆ ಹೇಳಿದೆ. ಇದು ನಡೆಯಿತು. ಮುಕ್ಕಾಲು ಪಾಲು ಸರಿ ಬಂತು, ಉಳಿದದ್ದನ್ನು ಕೈಯಿಂದ ತಿದ್ದಿದೆ. ಎಲ್ಲವನ್ನೂ ಎಡಿಟರ್ ಆ್ಯಪ್‌ನಲ್ಲಿ ಅಲ್ಲ, ಫೋನಿನ ನೋಟ್ಸ್‌ನಲ್ಲಿ ಬರೆದುಕೊಂಡೆ. ಗೊತ್ತಿಲ್ಲದೆಯೇ ಮಾಡಿದ ಒಳ್ಳೆ ಕೆಲಸ ಅದು. ನೋಟ್ಸ್‌ನಲ್ಲಿ ಹುಡುಕುವ ಬಟನ್ ಇರುತ್ತದೆ, ಎಡಿಟರಿನ ಚಿಕ್ಕ ಡಬ್ಬಿಯಲ್ಲಿ ಇರುವುದಿಲ್ಲ. ಆ ಬಟನ್ ಮುಂದೆ ನನ್ನ ಮರ್ಯಾದೆ ಉಳಿಸಿತು.

ಬರೆದಿದ್ದನ್ನು ಒಟ್ಟಿಗೆ ಎತ್ತಿ ಎಡಿಟರಿಗೆ ಅಂಟಿಸಿದೆ. ಅದರಲ್ಲಿ ಉದ್ದ ಪಠ್ಯವನ್ನು ತಾನೇ ತುಂಡು ಮಾಡಿ ವಿಡಿಯೊದ ಮೇಲೆ ಹಂಚುವ ಸೌಕರ್ಯ ಇತ್ತು. ಒತ್ತಿದೆ. ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಅಕ್ಷರಕ್ಕೆ ಹಳದಿ ಬಣ್ಣ ಕೊಟ್ಟು, ಒಂದು ಜಾಹೀರಾತು ನೋಡಿ ಮೂಲೆಯ ಮುದ್ರೆ ತೆಗೆಸಿ, ಅತ್ತಿಗೆ ವಾಟ್ಸ್ಆ್ಯಪ್ ಮಾಡಿದೆ.

ಮರುದಿನ ಅವರೇ ವಿಡಿಯೊ ಕಾಲ್ ಮಾಡಿದರು. ಅವರು ಮಾತಾಡುವುದು, ನಾನು ಹಾಳೆ ಮೇಲೆ ಬರೆದು ತೋರಿಸುವುದು, ಇದು ನಮ್ಮ ರೂಢಿ.

“ತಂಗಿ, ನಿಮ್ಮ ಮಾಮಾ ಕೊಂಡಿ ಇರಲಿ ಅಂದ್ರೇನು? ಯಾಕ ಇರಲಿ? ಅದು ಇದ್ದ ಇರ್ತದಲ್ಲ.”

ನನಗೆ ಅರ್ಥವಾಗಲಿಲ್ಲ. ವಿಡಿಯೊ ತೆಗೆದು ನಲವತ್ತೊಂದನೇ ಸೆಕೆಂಡಿಗೆ ಹೋದೆ. ಮಾಮಾ ಅಲ್ಲಿ ಹೇಳಿದ್ದು ಇಷ್ಟು: ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡೂ ಹಾಸು ಕೊಂಡಿ ಹಾಕಿ ಕೂಡಿಸ್ತೇವಿ. ಈ ಕೊಂಡಿ ಇರಲಿಲ್ಲಂದ್ರ ಅದು ಇಳಕಲ್ ಸೀರಿ ಅಲ್ಲ.

ಇಳಕಲ್ ಸೀರೆಯ ಗುಟ್ಟೇ ಈ ಮಾತಿನಲ್ಲಿದೆ. ಸೀರೆಯ ಮೈಯ ಉದ್ದೆಳೆ ಒಂದು, ಸೆರಗಿನ ಉದ್ದೆಳೆ ಇನ್ನೊಂದು. ಎರಡನ್ನೂ ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ಜೋಡಿಸಬೇಕು. ಅದಕ್ಕೇ ಒಂದೊಂದು ಸೀರೆಗೂ ಹಾಸು ಬೇರೆ ಬೇರೆ ತಯಾರಾಗಬೇಕು. ಇಡೀ ವಿಡಿಯೊದಲ್ಲಿ ಇದೊಂದು ಮಾತು ತಪ್ಪಬಾರದಿತ್ತು. ಆ್ಯಪ್ ಅದನ್ನು ಹೀಗೆ ಕತ್ತರಿಸಿತ್ತು:

```
12
ಒಡಲಿನ ಹಾಸು ಬ್ಯಾರೆ ಸೆರಗಿನ
ಹಾಸು ಬ್ಯಾರೆ ಎರಡೂ

13
ಹಾಸು ಕೊಂಡಿ ಹಾಕಿ ಕೂಡಿಸ್
ತೇವಿ ಈ ಕೊಂಡಿ ಇರಲಿ

14
ಲ್ಲಂದ್ರ ಅದು ಇಳಕಲ್ ಸೀರಿ

15
ಅಲ್ಲ ಈ ಕೆಂಪು ಸೆರಗಿನ್ಯಾಗ
```

ಅತ್ತಿ ಓದಿದ್ದು ಸರಿಯಾಗಿಯೇ ಇತ್ತು. ಹದಿಮೂರನೇ ತುಂಡು ‘ಈ ಕೊಂಡಿ ಇರಲಿ’ ಅಂತಲೇ ಮುಗಿಯುತ್ತದೆ. ಹದಿನಾಲ್ಕನೆಯದು ‘ಅದು ಇಳಕಲ್ ಸೀರಿ’ ಅಂತ ಘೋಷಿಸಿ ಪರದೆಯಿಂದ ಹೋಗುತ್ತದೆ. ‘ಅಲ್ಲ’ ಅನ್ನುವುದು ಮುಂದಿನ ಮಾತಿನ ತಲೆಗೆ ಅಂಟಿಕೊಂಡಿದೆ. ಮಾಮಾ ಹೇಳಿದ್ದಕ್ಕೆ ಪೂರಾ ಉಲ್ಟಾ ಅರ್ಥ. ಒಂದು ಅಕ್ಷರವೂ ತಪ್ಪಿಲ್ಲ, ಎಲ್ಲ ಕಾಗುಣಿತವೂ ಸರಿ. ಕೆಡಿಸಿದ್ದು ಕತ್ತರಿ.

ಅಂದು ರಾತ್ರಿ ಕೂತು ಯೋಚಿಸಿದೆ. ನಮ್ಮ ಮಾತಿನಲ್ಲಿ ಹೌದೋ ಅಲ್ಲವೋ ಅನ್ನುವುದು ಕೊನೆಯ ಪದಕ್ಕೆ ಬಂದು ಗೊತ್ತಾಗುತ್ತದೆ. ಬರ್ತೀನಿ, ಬರೋದಿಲ್ಲ. ಸೀರಿ, ಸೀರಿ ಅಲ್ಲ. ಕ್ರಿಯಾಪದ, ಇಲ್ಲ, ಅಲ್ಲ, ಬೇಡ, ಅಂತ, ಇವೆಲ್ಲ ಬಾಲದಲ್ಲಿ ಇರುತ್ತವೆ. ಬಾಲ ಮುಂದಿನ ತುಂಡಿಗೆ ಹೋದರೆ ಓದುವವರು ಎರಡು ಮೂರು ಸೆಕೆಂಡು ತಪ್ಪು ಅರ್ಥ ಹಿಡಿದುಕೊಂಡೇ ಕೂರುತ್ತಾರೆ. ಕಿವಿ ಇರುವವರಿಗೆ ದನಿ ಸಹಾಯ ಮಾಡುತ್ತದೆ. ಅತ್ತಿಗೆ ಇಲ್ಲ.

ಹೀಗಾಗಿ ಆ್ಯಪ್ ಮಾಡಿದ ತುಂಡುಗಳನ್ನೆಲ್ಲ ಅಳಿಸಿದೆ. ಮತ್ತೆ ನೋಟ್ಸಿಗೆ ಹೋಗಿ, ಈ ಸಲ ನಾನೇ ಎಂಟರ್ ಒತ್ತುತ್ತಾ ಒಡೆದೆ. ಮೊದಲು ಮಾಮಾ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗುರುತಿಸಿದೆ. ಜನ ಉಸಿರು ಬಿಡುವುದು ಹೆಚ್ಚಾಗಿ ಕ್ರಿಯಾಪದ ಆದಮೇಲೆ, ಅದೇ ಒಳ್ಳೆ ಗಡಿ. ಒಂದು ಉಸಿರಿನ ಮಾತು ಉದ್ದವಾದರೆ ಅದರೊಳಗೆ ಎರಡು ಸಾಲು. ಮೂರು ಸಾಲು ಎಲ್ಲೂ ಮಾಡಲಿಲ್ಲ, ಮಾಮಾನ ಕೈಯೇ ಮುಚ್ಚಿಹೋಗುತ್ತದೆ. ನೆಟ್‌ಫ್ಲಿಕ್ಸ್‌ನವರ ನಿಯಮದಲ್ಲೂ ಒಂದು ಸಲಕ್ಕೆ ಎರಡೇ ಸಾಲು, ಒಂದು ತುಂಡು ಏಳು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅಂತ ಇದೆ. ಅಷ್ಟು ದೊಡ್ಡವರ ನಿಯಮ ನಮ್ಮ ಪಡಸಾಲೆಯ ವಿಡಿಯೊಕ್ಕೂ ಸರಿಹೋಯಿತು. ಆಮೇಲೆ ಅದೇ ಹನ್ನೊಂದು ಸೆಕೆಂಡು ಹೀಗಾಯಿತು:

```
12
00:00:41,000 --> 00:00:44,200
ಒಡಲಿನ ಹಾಸು ಬ್ಯಾರೆ,
ಸೆರಗಿನ ಹಾಸು ಬ್ಯಾರೆ.

13
00:00:44,300 --> 00:00:47,400
ಎರಡೂ ಹಾಸು
ಕೊಂಡಿ ಹಾಕಿ ಕೂಡಿಸ್ತೇವಿ.

14
00:00:47,500 --> 00:00:52,000
ಈ ಕೊಂಡಿ ಇರಲಿಲ್ಲಂದ್ರ
ಅದು ಇಳಕಲ್ ಸೀರಿ ಅಲ್ಲ.
```

ಇದು ಎಸ್‌ಆರ್‌ಟಿ ಅನ್ನುವ ಸಾದಾ ಪಠ್ಯದ ರೂಪ. ತುಂಡಿನ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತು, ಆಮೇಲೆ ಒಂದು ಖಾಲಿ ಸಾಲು. ಇಷ್ಟೇ. ಸೆಕೆಂಡು ಆದಮೇಲೆ ಚುಕ್ಕೆ ಅಲ್ಲ, ಅಲ್ಪವಿರಾಮ. ಅದನ್ನು ಚುಕ್ಕೆ ಮಾಡಿ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ. ಫೈಲನ್ನು UTF-8 ಆಗಿ ಉಳಿಸಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಸಾಲಾಗಿ ಬರುತ್ತವೆ. ವಿಡಿಯೊಗೂ ಈ ಫೈಲಿಗೂ ಒಂದೇ ಹೆಸರು ಕೊಟ್ಟು ಒಂದೇ ಫೋಲ್ಡರಿನಲ್ಲಿ ಇಟ್ಟರೆ VLC ತಾನೇ ಹಚ್ಚಿಕೊಂಡು ತೋರಿಸುತ್ತದೆ. ಎಡಿಟರ್ ಮುಟ್ಟದೆ ಸಮಯ ಸರಿಯಿದೆಯಾ ಅಂತ ನೋಡಲು ಇದಕ್ಕಿಂತ ಸುಲಭ ದಾರಿ ನನಗೆ ಸಿಗಲಿಲ್ಲ. ಯೂಟ್ಯೂಬಿಗೂ ಇದೇ ಫೈಲ್ ಹಾಕಬಹುದು. ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಮಾತ್ರ ನಡೆಯುವುದಿಲ್ಲ, ಅಲ್ಲಿ ಅಕ್ಷರ ವಿಡಿಯೊದ ಮೇಲೇ ಅಚ್ಚಾಗಿರಬೇಕು. ನಮ್ಮ ಬಳಗವೆಲ್ಲ ಸ್ಟೇಟಸ್ ನೋಡುವವರೇ. ಆದ್ದರಿಂದ ಎಡಿಟರಿಗೆ ವಾಪಸ್ ಹೋಗಲೇಬೇಕಾಯಿತು.

ಹದಿಮೂರನೇ ತುಂಡನ್ನು ಯಾಕೆ ಹಾಗೆ ಒಡೆದೆ ಅಂತ ಸ್ವಲ್ಪ ಹೇಳಬೇಕು. ‘ಎರಡೂ ಹಾಸು ಕೊಂಡಿ’ ಅಂತ ಮೇಲೆ, ‘ಹಾಕಿ ಕೂಡಿಸ್ತೇವಿ’ ಅಂತ ಕೆಳಗೆ ಇಟ್ಟರೆ ಎರಡು ಸಾಲೂ ಸಮ ಉದ್ದ, ನೋಡಲು ಚೆಂದ. ಆದರೆ ಓದಿದಾಗ ‘ಹಾಸು ಕೊಂಡಿ’ ಅನ್ನುವ ಯಾವುದೋ ಒಂದು ವಸ್ತು ಇದ್ದಂತೆ ಅನಿಸುತ್ತದೆ. ‘ಕೊಂಡಿ ಹಾಕಿ’ ಒಟ್ಟಿಗೆ ಇರಬೇಕಾದ ಮಾತು. ಹಾಗೆಯೇ ‘ಕೆಂಪು ಸೆರಗು’ ನಡುವೆ ಒಡೆಯಬಾರದು, ‘ಹೇಳಿ ಕೊಟ್ಟ’ ನಡುವೆ ಒಡೆಯಬಾರದು, ‘ಒಂಬತ್ತು ಮೊಳ’ದ ಒಂಬತ್ತು ಮೇಲೆ ಮೊಳ ಕೆಳಗೆ ಆಗಬಾರದು. ಚೆಂದ ನೋಡಿದರೆ ಅರ್ಥ ಕೆಡುತ್ತದೆ ಅನ್ನುವ ಕಡೆಯೆಲ್ಲ ನಾನು ಚೆಂದ ಬಿಟ್ಟೆ. ಮೇಲಿನ ಸಾಲು ಗಿಡ್ಡ, ಕೆಳಗಿನದು ಉದ್ದ, ಇರಲಿ ಬಿಡಿ.

ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತದೆ ಅನ್ನುವುದು ಬೇರೆ ಪೇಚಾಟ. ಆ್ಯಪ್‌ಗಳು ಹೇಳುವ ‘ಅಕ್ಷರ’ ನಮ್ಮ ಅಕ್ಷರ ಅಲ್ಲ. ‘ಕೂಡಿಸ್ತೇವಿ’ ನಮಗೆ ನಾಲ್ಕು ಅಕ್ಷರ: ಕೂ, ಡಿ, ಸ್ತೇ, ವಿ. ಫೋನಿನ ಲೆಕ್ಕದಲ್ಲಿ ಅದು ಹತ್ತು. ಕ ಒಂದು, ಅದರ ದೀರ್ಘ ಒಂದು, ಡ ಒಂದು, ಗುಡಿಸು ಒಂದು, ಹೀಗೆ ಬಿಡಿಬಿಡಿಯಾಗಿ ಎಣಿಸುತ್ತದೆ. ಸ, ಅರ್ಧ ಮಾಡುವ ಗುರುತು, ತ, ಏತ್ವ ಸೇರಿ ‘ಸ್ತೇ’ ಒಂದಕ್ಕೇ ನಾಲ್ಕು. ಹಳೆ ತುಂಡಿನಲ್ಲಿ ‘ಕೂಡಿಸ್’ ಮೇಲೆ, ‘ತೇವಿ’ ಕೆಳಗೆ ಹೋಗಿದ್ದೂ ಈ ಲೆಕ್ಕದಿಂದಲೇ. ಜಾಗ ಮುಗಿದ ಕಡೆ ಅದು ಒತ್ತಕ್ಷರದ ಹೊಟ್ಟೆಯಲ್ಲೇ ಕುಯ್ದಿತ್ತು. ಒಂದೆರಡು ಕಡೆ ಇನ್ನೂ ಕೆಟ್ಟದಾಗಿ, ಸಾಲಿನ ಮೊದಲಿಗೆ ಚುಕ್ಕಿಗಳ ಉಂಗುರ ಬಂದು ಅದರ ಮೇಲೆ ಗುಡಿಸು ಕೂತಿತ್ತು, ಹೀಗೆ: ◌ಿ. ಈ ಉಂಗುರ ಕಂಡರೆ ಒಂದು ಗುಣಿತದ ಗುರುತು ತನ್ನ ವ್ಯಂಜನದಿಂದ ಬೇರೆಯಾಗಿದೆ ಅಂತಲೇ ಅರ್ಥ. ನನ್ನ ಫೋನಿನಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಫೋನ್ ನೆಟ್ಟಗೆ ಹಿಡಿದು ತೆಗೆದ ವಿಡಿಯೊಕ್ಕೆ ನಮ್ಮ ಲೆಕ್ಕದ ಹದಿನಾಲ್ಕು ಅಕ್ಷರದವರೆಗೆ ಸಾಲು ಸುರಕ್ಷಿತ. ಅದಕ್ಕಿಂತ ಮೊದಲೇ ನಾನೇ ಎಂಟರ್ ಒತ್ತಿಬಿಟ್ಟರೆ ಆ್ಯಪ್‌ಗೆ ಕುಯ್ಯುವ ಅವಕಾಶವೇ ಸಿಗುವುದಿಲ್ಲ.

ಅಕ್ಷರ ಒಂದೊಂದಾಗಿ ಕುಣಿಯುತ್ತಾ ಬರುವ ಅಲಂಕಾರವೂ ಇತ್ತು. ಹಚ್ಚಿ ನೋಡಿದೆ. ‘ಕೊಂಡಿ’ ಬರುವಾಗ ಮೊದಲು ಕ, ಆಮೇಲೆ ಅದರ ಕೊಂಬು, ಆಮೇಲೆ ಸೊನ್ನೆ, ಬೇರೆ ಬೇರೆಯಾಗಿ ಹಾರಿ ಬಂದವು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಗುಂಡಿ ಒತ್ತಿದರೂ ಇದೇ ಕಥೆ, ಒತ್ತುಗಳು ಕಳಚಿ ಪಕ್ಕಕ್ಕೆ ನಿಲ್ಲುತ್ತವೆ. ಎರಡನ್ನೂ ಮುಟ್ಟಬೇಡಿ ಅಂತಲೇ ನನ್ನ ಸಲಹೆ.

ಆ್ಯಪ್‌ನಲ್ಲಿ ಬಂದ ಅಕ್ಷರಶೈಲಿ ಚೆನ್ನಾಗಿರಲಿಲ್ಲ. ಗೂಗಲ್ ಫಾಂಟ್ಸ್‌ನಿಂದ Noto Sans Kannada ಮತ್ತು Baloo Tamma 2 ಇಳಿಸಿಕೊಂಡೆ, ಎರಡೂ ಪುಕ್ಕಟೆ. ಜಿಪ್ ಫೈಲ್ ಬಿಚ್ಚಿ, ಒಳಗಿನ .ttf ಫೈಲನ್ನು ಎಡಿಟರಿಗೆ ಸೇರಿಸಬೇಕು. ಬಾಲೂ ತಮ್ಮ ದಪ್ಪ, ದುಂಡಗೆ, ಶೀರ್ಷಿಕೆಗೆ ಬಹಳ ಚೆಂದ. ಮಾತಿಗೆ ನೋಟೊ ಇಟ್ಟೆ. ಸೆರಗು ಕೆಂಪು, ಅದರ ಮೇಲೆ ಬಿಳಿ ತೆನೆ. ಬಿಳಿ ಅಕ್ಷರ ಹಾಕಿದರೆ ತೆನೆಯ ಜೊತೆ ಕಲೆಸಿಹೋಗುತ್ತಿತ್ತು, ಹಳದಿ ಹಾಕಿದರೆ ಕಣ್ಣು ಕುಕ್ಕುತ್ತಿತ್ತು. ಕೊನೆಗೆ ಬಿಳಿ ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಕೊಟ್ಟೆ. ಆ ಪಟ್ಟಿ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ. ‘ಇರಲಿಲ್ಲಂದ್ರ’ದ ಒತ್ತುಗಳು ಅದರಿಂದ ಕೆಳಗೆ ಇಣುಕುತ್ತಿದ್ದವು, ಎರಡನೇ ಸಾಲಿನ ಗುಡಿಸಿಗೆ ತಾಗುತ್ತಿದ್ದವು. ಸಾಲಿನ ಅಂತರ ಸ್ವಲ್ಪ ಏರಿಸಿದ ಮೇಲೆ ಸರಿಯಾಯಿತು. ಇಂಥದ್ದನ್ನು ನೋಡಲು ‘ಇಲ್ಲಂದ್ರ’, ‘ಸ್ತ್ರೀ’ ತರಹದ ಒತ್ತಿನ ಭಾರ ಇರುವ ಪದ ಮೇಲಿನ ಸಾಲಿಗೆ, ‘ಈ’, ‘ಸೀರಿ’ ತರಹದ್ದು ಕೆಳಗಿನ ಸಾಲಿಗೆ ಬರೆದು ಪರೀಕ್ಷಿಸಿದರೆ ಸಾಕು.

ಇನ್ನು ಕಾಗುಣಿತ. ಇಲ್ಲಿ ನನಗೆ ಬಹಳ ಹಮ್ಮು ಇತ್ತು. ಶಾಲೆಯಲ್ಲಿ ಉಕ್ತಲೇಖನಕ್ಕೆ ಯಾವಾಗಲೂ ಹತ್ತಕ್ಕೆ ಹತ್ತು.

ವಿಡಿಯೊ ಕೊನೆಗೆ ಸೀರೆಯ ಬಗ್ಗೆ ಎರಡು ವಾಕ್ಯ ಹಾಕಲು ಮಾಮಾನ ಮಗ ಒಂದು ಹಳೇ ಕರಪತ್ರದ ಫೋಟೊ ಕಳಿಸಿದ್ದ. ಫೋಟೊದಿಂದ ಅಕ್ಷರ ಎತ್ತುವ ಒಂದು ಆ್ಯಪ್‌ನಲ್ಲಿ ಅದನ್ನು ಪಠ್ಯ ಮಾಡಿಕೊಂಡು ನೋಟ್ಸಿಗೆ ಅಂಟಿಸಿದ್ದೆ. ಎಲ್ಲ ಮುಗಿದ ಮೇಲೆ ‘ಕೊಂಡಿ’ ಅನ್ನುವುದನ್ನು ಎಲ್ಲ ಕಡೆ ಒಂದೇ ತರಹ ಬರೆದಿದ್ದೇನಾ ಅಂತ ಹುಡುಕಿದೆ. ನೋಟ್ಸ್ ನಾಲ್ಕು ತೋರಿಸಿತು. ಕಣ್ಣಿನಿಂದ ಎಣಿಸಿದರೆ ಐದು. ಮತ್ತೆ ಹುಡುಕಿದೆ, ನಾಲ್ಕೇ. ಐದನೆಯದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಕಾಣಲಿಲ್ಲ. ಆಮೇಲೆ ಹೊಳೆಯಿತು. ಅದರಲ್ಲಿದ್ದದ್ದು ಅನುಸ್ವಾರ ಅಲ್ಲ, ಅಂಕಿ ಸೊನ್ನೆ. ಕೊಂಡಿ ಅಲ್ಲ, ಕೊ೦ಡಿ. ನಮ್ಮ ಸೊನ್ನೆ ಅಕ್ಷರವೂ ಹೌದು, ಅಂಕಿಯೂ ಹೌದು, ಆಕಾರ ಎರಡಕ್ಕೂ ಒಂದೇ. ಆದರೆ ಫೋನಿಗೆ ಅವು ಬೇರೆ ಬೇರೆ. ಫೋಟೊದ ಸೊನ್ನೆಯನ್ನು ಆ ಆ್ಯಪ್ ಅಂಕಿ ಅಂದುಕೊಂಡಿತ್ತು. ನೋಟೊದಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಯಾರಾದರೂ ‘ಕೊಂಡಿ’ ಅಂತ ಹುಡುಕಿದರೆ ಆ ಸಾಲು ಸಿಗುತ್ತಿರಲಿಲ್ಲ. ಸಾಲು ಒಡೆಯುವಾಗಲೂ ಅಂಕಿ ಬಂದ ಕಡೆ ಆ್ಯಪ್ ಪದವನ್ನು ಎರಡು ಅಂದುಕೊಳ್ಳಬಹುದು. ಈಗ ನನ್ನ ರೂಢಿ ಏನೆಂದರೆ, ಮುಗಿದ ಪಠ್ಯದಲ್ಲಿ ಸುಮ್ನೆ ‘೦’ ಅಂತ ಒಮ್ಮೆ ಹುಡುಕುವುದು. ಕನ್ನಡ ಅಂಕಿಯನ್ನೇ ಬಳಸದ ವಿಡಿಯೊದಲ್ಲಿ ಅದು ಸಿಗಲೇಬಾರದು. ಅವತ್ತು ಒಟ್ಟು ಏಳು ಸಿಕ್ಕವು.

ಎರಡನೆಯದು ಕಾಣದ ಅಕ್ಷರ. ಮಾಮಾ ‘ಇಳಕಲ್‌ನ್ಯಾಗ’ ಅಂತ ಎರಡು ಸಲ ಹೇಳುತ್ತಾರೆ. ನಾನು ಹೊಡೆದಾಗ ಅದು ‘ಇಳಕಲ್ನ್ಯಾಗ’ ಆಯಿತು. ಲಕಾರದ ಕೆಳಗೆ ನ, ಅದರ ಪಕ್ಕ ಯ, ಮೂರು ಅಂತಸ್ತು. ಅತ್ತಿ ಆ ತುಂಡಿನಲ್ಲಿ ತುಟಿ ಅಲ್ಲಾಡಿಸುತ್ತಾ ಸಿಕ್ಕಿಹಾಕಿಕೊಂಡರು, ಅಷ್ಟರಲ್ಲಿ ತುಂಡು ಹೋಯಿತು. ಲ್ ಮತ್ತು ನ್ಯಾ ಅಂಟಿಕೊಳ್ಳದಂತೆ ನಡುವೆ ಒಂದು ಕಾಣದ ಗುರುತು ಹಾಕಬೇಕು. ಯೂನಿಕೋಡಿನಲ್ಲಿ ಅದು U+200C. ನನ್ನ ಕೀಬೋರ್ಡಿನಲ್ಲಿ ಅದಕ್ಕೆ ಕೀಲಿ ಸಿಗಲಿಲ್ಲ. ಯಾವುದೋ ಲೇಖನದಲ್ಲಿ ‘ಫೇಸ್‌ಬುಕ್’ ಅಂತ ಸರಿಯಾಗಿ ಬರೆದದ್ದನ್ನು ನಕಲು ಮಾಡಿ, ಮುಂದಿನ ‘ಬುಕ್’ ಅಳಿಸಿ, ಹಿಂದಿನ ‘ಫೇಸ್’ ಅಳಿಸಿ, ನಡುವಿನ ಇಲ್ಲದಂತಿರುವ ಅಕ್ಷರವನ್ನು ಹಿಡಿದಿಟ್ಟೆ. ಗಾಳಿ ಹಿಡಿದು ಡಬ್ಬಿಗೆ ಹಾಕಿದಂತೆ. ನೋಟ್ಸ್‌ನಲ್ಲಿ ಸರಿ ಕಂಡಿತು. ಎಡಿಟರಿನಲ್ಲಿ ಆ ಜಾಗಕ್ಕೆ ಒಂದು ಪುಟ್ಟ ಚೌಕ ಬಂತು. ಕೊನೆಗೆ ಅತ್ತಿಯೇ ದಾರಿ ತೋರಿಸಿದರು.

“ಅವರು ಇಳಕಲ್ಲಾಗ ಅಂತಾರಲ್ಲ, ಹಂಗ ಬರಿ.”

ಮತ್ತೆ ಕೇಳಿದೆ. ಒಂದು ಕಡೆ ನಿಜವಾಗಿಯೂ ‘ಇಳಕಲ್ಲಾಗ’ ಅಂದಿದ್ದರು, ನಾನೇ ತಪ್ಪು ಕೇಳಿಸಿಕೊಂಡಿದ್ದೆ! ಕಿವಿ ಕೇಳದವರು ನನ್ನ ಕಿವಿ ತಿದ್ದಿದರು. ಎರಡೂ ಕಡೆ ಅದನ್ನೇ ಇಟ್ಟೆ. ಇಂಥ ಕಡೆ ಗುರುತಿನ ಹಿಂದೆ ಬೀಳುವುದಕ್ಕಿಂತ ಒಂದು ಸ್ವರ ಸೇರಿಸಿ ಮಾತನ್ನೇ ಹದ ಮಾಡುವುದು ಸುಲಭ. ಆ್ಯಪ್‌ಗೂ ಓದುವವರಿಗೂ.

ಊರಿನ ಹೆಸರೇ ಇನ್ನೊಂದು ತಲೆನೋವು. ನನ್ನ ಮೊದಲ ಪ್ರತಿಯಲ್ಲಿ ಇಳಕಲ್, ಇಲಕಲ್, ಇಲ್ಕಲ್, ಮೂರೂ ಇದ್ದವು. ಇಂಗ್ಲಿಷಿನಲ್ಲಿ ಬರೆದು ಕನ್ನಡ ಮಾಡಿಸುವ ಕೀಬೋರ್ಡಿನಲ್ಲಿ ಲ ಮತ್ತು ಳ ಎರಡಕ್ಕೂ ಬೆರಳು ಒಂದೇ ಕೀಲಿಗೆ ಹೋಗುತ್ತದೆ, ಮೇಲೆ ಬಂದ ಮೊದಲ ಸಲಹೆಯನ್ನು ಒತ್ತಿಬಿಡುತ್ತೇವೆ. ನ ಮತ್ತು ಣ ಕೂಡ ಹಾಗೇ. ರೇಷ್ಮೆಯಂತೂ ರೇಶ್ಮಿ, ರೇಷ್ಮಿ, ರೇಸ್ಮಿ ಅಂತ ಮೂರು ವೇಷ ಹಾಕಿತ್ತು. ಕನ್ನಡಕ್ಕೆ, ಅದೂ ನಮ್ಮ ಕಡೆಯ ಮಾತಿಗೆ, ಫೋನಿನಲ್ಲಿ ಕೆಂಪು ಗೆರೆ ಎಳೆದು ತಪ್ಪು ತೋರಿಸುವ ವ್ಯವಸ್ಥೆಯನ್ನು ನಂಬಿ ಕೂರುವ ಹಾಗಿಲ್ಲ. ‘ಬ್ಯಾರೆ’, ‘ಕೂಡಿಸ್ತೇವಿ’ ಎಲ್ಲಕ್ಕೂ ಗೆರೆ ಬಂದರೆ ನಿಜವಾದ ತಪ್ಪು ಅದರಲ್ಲೇ ಅಡಗಿಹೋಗುತ್ತದೆ. ಅದಕ್ಕೆ ನೋಟ್ಸಿನ ತಲೆಯಲ್ಲಿ ಒಂದು ಚಿಕ್ಕ ಪಟ್ಟಿ ಮಾಡಿಕೊಂಡೆ: ಇಳಕಲ್, ಸೀರಿ, ರೇಷ್ಮಿ, ಹಾಸು, ಕೊಂಡಿ, ತೆನಿ, ಬ್ಯಾರೆ. ಪಟ್ಟಿಯ ರೂಪವೇ ಅಂತಿಮ. ಬೇರೆ ರೂಪಗಳನ್ನು ಒಂದೊಂದಾಗಿ ಹುಡುಕಿ ಬದಲಿಸಿದೆ.

‘ಬ್ಯಾರೆ’ಯನ್ನು ‘ಬೇರೆ’ ಅಂತ ಯಾಕೆ ಬರೆಯಲಿಲ್ಲ ಅಂತ ಮೈಸೂರಿನ ಗೆಳತಿ ಕೇಳಿದಳು. ಬರೆದು ನೋಡಿದ್ದೆ. ಎರಡನೇ ಪ್ರತಿಯಲ್ಲಿ ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೆ: “ಈ ಕೊಂಡಿ ಇಲ್ಲದಿದ್ದರೆ ಅದು ಇಳಕಲ್ ಸೀರೆಯಲ್ಲ.” ಅತ್ತಿ ನೋಡಿ ನಕ್ಕರು. “ಇವರು ಹಿಂಗ ಯಾವಾಗ ಮಾತಾಡಿದ್ರು? ಮಾಸ್ತರ ಆಗ್ಯಾರೇನು?” ಅವರು ಗಂಡನ ತುಟಿ ಓದಬಲ್ಲರು. ತುಟಿ ಒಂದು ಹೇಳುತ್ತಿತ್ತು, ಅಕ್ಷರ ಇನ್ನೊಂದು. ಅದಕ್ಕೇ ಮಾತಿನ ಬಾಲಗಳನ್ನು ಮಾಮಾ ಆಡಿದಂತೆಯೇ ಇಟ್ಟೆ. ಕಸುಬಿನ ಪದ ಅವರದ್ದೇ. ಆದರೆ ‘ನೋಡ ತಂಗಿ’, ‘ಏನಂತೀನಿ’, ‘ಕೊಂಡಿ, ಕೊಂಡಿ ಹಾಕಿ’ ಅಂತ ತಡವರಿಸಿದ್ದನ್ನೆಲ್ಲ ಬಿಟ್ಟೆ. ಹದಿಮೂರನೇ ತುಂಡಿನಲ್ಲಿ ಅವರು ನಿಜಕ್ಕೂ ಹತ್ತು ಪದ ಆಡಿದ್ದಾರೆ, ನಾನು ಐದು ಬರೆದಿದ್ದೇನೆ. ಹತ್ತೂ ಬರೆದಿದ್ದರೆ ಮೂರು ಸೆಕೆಂಡಿನಲ್ಲಿ ಯಾರೂ ಓದುತ್ತಿರಲಿಲ್ಲ. ತೆನಿ ಅನ್ನುವುದು ಜನಕ್ಕೆ ತಿಳಿಯುತ್ತದಾ ಅನ್ನುವ ಚಿಂತೆ ಇತ್ತು. ಅದನ್ನು ಮಾಮಾನೇ ಮುಂದಿನ ಮಾತಿನಲ್ಲಿ ಬಗೆಹರಿಸಿದ್ದರು: ತೆನಿ ಅಂದ್ರ ಜ್ವಾಳದ ತೆನಿ, ಸೆರಗಿನ್ಯಾಗ ಕಾಣತದಲ್ಲ, ಅದು.

ಸಮಯದ ಪರೀಕ್ಷೆ ಇಳಕಲ್ಲಿನಲ್ಲೇ ಆಯಿತು. ಒಂದು ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹೋದೆ. ಫೋನಿನ ದನಿ ಪೂರಾ ಇಳಿಸಿ ಅತ್ತಿಯ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಅವರ ತುಟಿ ನೋಡಿದೆ. ಒಂದು ತುಂಡಿನ ಕೊನೆಯ ಪದ ಮುಗಿಯುವ ಮೊದಲೇ ಅಕ್ಷರ ಬದಲಾದರೆ ಅವರ ಹುಬ್ಬು ಮೇಲೆ ಹೋಗುತ್ತಿತ್ತು. ಹುಬ್ಬು ಹೋದ ತುಂಡಿನ ಸಂಖ್ಯೆ ಬರೆದುಕೊಂಡೆ. ಮೂವತ್ತೊಂದರಲ್ಲಿ ಆರು. ನಾಲ್ಕು ಕಡೆ ಪದ ಕಡಿಮೆ ಮಾಡಿದೆ. ಎರಡು ಕಡೆ ಮಾಮಾ ಮಾತು ನಿಲ್ಲಿಸಿ ಎಳೆ ಸಿಕ್ಕಿಸುತ್ತಿದ್ದರು, ಆ ಮೌನದವರೆಗೆ ತುಂಡನ್ನು ಎಳೆದೆ. ಹದಿನಾಲ್ಕನೆಯದಕ್ಕೆ ನಾಲ್ಕೂವರೆ ಸೆಕೆಂಡು ಸಿಕ್ಕಿದ್ದು ಹಾಗೆ. ‘ಅಲ್ಲ’ ಅಂದಮೇಲೆ ಮಾಮಾ ಒಂದು ಕ್ಷಣ ತಲೆ ಎತ್ತಿ ನನ್ನ ಕಡೆ ನೋಡುತ್ತಾರೆ. ಅಕ್ಷರ ಆ ನೋಟದವರೆಗೂ ನಿಂತಿದೆ.

ಅಕ್ಷರ ಇಡುವ ಜಾಗವನ್ನೂ ಅಲ್ಲೇ ಸರಿಮಾಡಿದೆ. ತೀರಾ ಕೆಳಗೆ ಇಟ್ಟರೆ ರೀಲ್ಸ್‌ನಲ್ಲಿ ಖಾತೆಯ ಹೆಸರು, ವಿವರಣೆ ಬಂದು ಎರಡನೇ ಸಾಲನ್ನು ನುಂಗುತ್ತವೆ. ಎರಡನೇ ಸಾಲಿನಲ್ಲೇ ತಾನೇ ‘ಅಲ್ಲ’ ಇರುವುದು. ಪರದೆಯ ಕೆಳಗಿನ ಕಾಲು ಭಾಗ ಬಿಟ್ಟು ಮೇಲೆ ತಂದೆ. ಬಲಗಡೆ ಲೈಕ್ ಬಟನ್ನುಗಳ ಸಾಲಿಗೂ ತಾಗದಂತೆ ನೋಡಿಕೊಂಡೆ.

ಎಲ್ಲ ಸರಿಯಾಯಿತು ಅಂತ ಕೊನೇ ಪ್ರತಿ ತೆಗೆದು ಅತ್ತಿಗೆ ತೋರಿಸಿದೆ. ಹುಬ್ಬು ಒಮ್ಮೆಯೂ ಮೇಲೆ ಹೋಗಲಿಲ್ಲ. ಪೂರಾ ನೋಡಿದರು. ಮತ್ತೆ ಹಿಂದೆ ಎಳೆದು ಇಪ್ಪತ್ತೆರಡನೇ ತುಂಡಿನ ಹತ್ತಿರ ಬೆರಳಿಟ್ಟರು.

“ಇಲ್ಲಿ ಇವರು ಬಾಯಿಗೆ ಕೈ ಹಿಡಿದಾರಲ್ಲ, ಕೆಮ್ಮಿದ್ರೇನು?”

ಹೌದು ಅಂತ ತಲೆ ಆಡಿಸಿದೆ.

“ಮತ್ತ ಅದನ್ನ ಯಾಕ ಬರದಿಲ್ಲ?”

ಮಾಮಾ ಮಗ್ಗದ ಕುಣಿಯಿಂದಲೇ ನಕ್ಕರು. ನಾನು ಎಡಿಟರ್ ತೆಗೆದು ಚೌಕ ಕಂಸದೊಳಗೆ [ಕೆಮ್ಮು] ಅಂತ ಒಂದು ತುಂಡು ಸೇರಿಸಿದೆ. ಜೊತೆಗೆ ಮೊದಲಿಗೆ [ಪಕ್ಕದಲ್ಲಿ ಪವರ್‌ಲೂಮಿನ ಸದ್ದು] ಅಂತಲೂ ಹಾಕಿದೆ, ಎರಡು ಸಾಲು ಮಾಡಿ, ‘ಪಕ್ಕದಲ್ಲಿ’ ಮೇಲೆ, ‘ಪವರ್‌ಲೂಮಿನ ಸದ್ದು’ ಕೆಳಗೆ. ಪವರ್‌ಲೂಮಿನ ನಡುವೆ ಆ ಪುಟ್ಟ ಚೌಕ ಮತ್ತೆ ಬಂತು. ‘ಪವರ್ ಲೂಮಿನ’ ಅಂತ ಬಿಡಿಸಿ ಬರೆದೆ. ಮುದ್ರೆ ತೆಗೆಸಲು ಮತ್ತೊಂದು ಜಾಹೀರಾತು ನೋಡುತ್ತಾ ಕೂತೆ. ಅಷ್ಟರಲ್ಲಿ ಅತ್ತಿ ಚಹಾ ಇಡಲು ಎದ್ದುಹೋದರು.